ಲೆಕ್ಕ ಕೇಳುವ ಪ್ರಾರ್ಥನೆ

ನಮ್ಮ ಮಿಯಾಪುರದ ಫ್ಲಾಟಿನ ದೇವರ ಗೂಡಿನಲ್ಲಿ ಒಂದು ವರ್ಷದವರೆಗೆ ಒಂದು ಪುಟ್ಟ ಅರಿಶಿನ ಬಟ್ಟೆಯ ಗಂಟು ಇತ್ತು. ಒಳಗೆ ಹನ್ನೊಂದು ರೂಪಾಯಿ. ಅಪ್ಪ ಹೈದರಾಬಾದಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಗ ಅಮ್ಮ ತಿರುಪತಿ ತಿಮ್ಮಪ್ಪನಿಗೆ ಕಟ್ಟಿಟ್ಟ ಮುಡುಪು ಅದು. ಗುಣವಾದರೆ ಇಬ್ಬರೂ ಬೆಟ್ಟ ಹತ್ತಿ ಬರುತ್ತೇವೆ, ಅವರು ಮುಡಿ ಕೊಡುತ್ತಾರೆ ಎಂಬುದು ಹರಕೆ. ಅಪ್ಪ ಹತ್ತೊಂಬತ್ತು ದಿನ ಐಸಿಯುನಲ್ಲಿದ್ದು ತೀರಿಕೊಂಡರು. ಗಂಟು ಮಾತ್ರ ಅಲ್ಲೇ ಉಳಿಯಿತು. ಬಿಚ್ಚುವ ಹಾಗಿಲ್ಲ, ಹುಂಡಿಗೆ ಹಾಕಲು ಮನಸ್ಸಿಲ್ಲ.

ರಾಯಚೂರಿನಲ್ಲಿ ಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ನಾನು ದೇವರಿಗೆ ಕೈ ಮುಗಿಯುವುದನ್ನು ನಿಲ್ಲಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡಿ ಗೂಡಿನ ಮುಂದೆ ಹಾದುಹೋಗುವಾಗ ಅತ್ತ ನೋಡುತ್ತಿರಲಿಲ್ಲ, ಅಷ್ಟೇ. ಮಾತು ಬಿಟ್ಟ ಅಣ್ಣತಮ್ಮಂದಿರು ಮದುವೆ ಮನೆಯಲ್ಲಿ ಎದುರಾದಾಗ ನಡೆದುಕೊಳ್ಳುತ್ತಾರಲ್ಲ, ಹಾಗೆ. ಸಿಟ್ಟು ಇತ್ತು. ಆದರೆ ಸಿಟ್ಟು ಯಾರ ಮೇಲೆ, ಅಲ್ಲಿ ಯಾರಾದರೂ ಇದ್ದಾರಾ ಎಂಬ ಅನುಮಾನವೂ ಇತ್ತು. ಇವೆರಡೂ ಒಟ್ಟಿಗೆ ಇರಲು ಸಾಧ್ಯ ಎಂಬುದು ಅನುಭವಿಸಿದವರಿಗೆ ಗೊತ್ತು.

ಬಂಧುಗಳು ಫೋನ್ ಮಾಡಿದಾಗಲೆಲ್ಲ ಒಂದೇ ಬುದ್ಧಿವಾದ: 'ದೇವರ ಮ್ಯಾಲ ಸಿಟ್ಟಾಗಬಾರದಪಾ, ಎಲ್ಲಾ ಅವನ ಇಚ್ಛಾ.' ನಾನು 'ಹೂಂ' ಅನ್ನುತ್ತಿದ್ದೆ. ಒಂದು ದಿನ ಬೆಳಗಿನ ಜಾವ ಐದಕ್ಕೆ ಕಾಲ್ ಇದೆ ಎಂದು ಎದ್ದಾಗ ದೇವರ ಗೂಡಿನ ಮುಂದೆ ಅಮ್ಮನ ದನಿ ಕೇಳಿಸಿತು. ಸ್ತೋತ್ರ ಹೇಳುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ಬೈಯುತ್ತಿದ್ದಳು.

'ಏನಪಾ ವೆಂಕಪ್ಪಾ, ನಾ ಏನ್ ಕಮ್ಮಿ ಮಾಡಿದ್ದೆ ನಿನಗ? ಮೂವತ್ತು ವರ್ಷ ಶನಿವಾರ ಒಪ್ಪತ್ತು ಮಾಡೀನಿ. ಒಂದು ವಾರ ತಪ್ಪಿಸೀನೇನು, ಹೇಳು. ಗಂಟು ಕಟ್ಟಿದ ಮರುದಿನಾನ ಅವರಿಗೆ ಮಷಿನ್ ಹಚ್ಚಿದ್ರು. ನೀ ನೋಡ್ಲಿಲ್ಲೇನು? ಕಣ್ಣ ಮುಚ್ಚಿದ ನಾಮ ಸ್ವಲ್ಪ ಮ್ಯಾಲ ಸರಿಸಬೇಕಾಗಿತ್ತಿಲ್ಲೋ?'

ಇಷ್ಟು ಹೇಳಿ ದೀಪ ಹಚ್ಚಿದಳು. ಮಂಗಳಾರತಿ ಮಾಡಿದಳು. ಎದ್ದು ಬಂದು ಚಹಾಕ್ಕೆ ನೀರಿಟ್ಟಳು. ಅವಳ ಮುಖದಲ್ಲಿ ಪಾಪ ಮಾಡಿದ ಭಯ ಇರಲಿಲ್ಲ. ಹಳೆಯ ನೆಂಟನಿಗೆ ಹೇಳಬೇಕಾದ್ದನ್ನು ಹೇಳಿ ಬಂದ ಹಾಗಿತ್ತು.

ಗೋಲ್ಕೊಂಡದ ಕೈದಿ

ನಮ್ಮ ಎದುರು ಫ್ಲಾಟಿನಲ್ಲಿ ನಿವೃತ್ತ ತೆಲುಗು ಮೇಷ್ಟ್ರೊಬ್ಬರಿದ್ದಾರೆ. ಸಂಜೆ ಕೆಳಗೆ ನಡೆದಾಡುವಾಗ ಈ ಸಂಗತಿ ಹೇಳಿದೆ. ಅವರು ನಕ್ಕು, 'ನಿಮ್ಮ ತಾಯಿಯವರು ರಾಮದಾಸರ ದಾರಿಯಲ್ಲೇ ಇದ್ದಾರೆ ಬಿಡಿ. ಗೋಲ್ಕೊಂಡಕ್ಕೆ ಹೋಗಿದ್ದೀರಲ್ಲ, ಆ ಕೋಣೆ ನೋಡಿದ್ದೀರಾ?' ಎಂದರು. ಊರಿಂದ ಬಂದ ನೆಂಟರನ್ನು ಕರೆದುಕೊಂಡು ನಾಲ್ಕಾರು ಸಲ ಹೋಗಿದ್ದೇನೆ. ರಾಮದಾಸರ ಸೆರೆಮನೆ ಎಂದು ಗೈಡುಗಳು ತೋರಿಸುವ ಕತ್ತಲೆ ಕೋಣೆಯನ್ನೂ ನೋಡಿದ್ದೇನೆ. ಗೋಡೆಯಲ್ಲಿ ದೇವರ ಮೂರ್ತಿಗಳಿವೆ, ಅವರೇ ಕೆತ್ತಿದ್ದೆಂದು ನಂಬಿಕೆ. ಫೋಟೋ ತೆಗೆದುಕೊಂಡು ಮುಂದೆ ಹೋಗಿದ್ದೆ. ಆ ಕೋಣೆಯ ಹೆಸರಿನ ಜೊತೆ ಬಂದಿರುವ ಹಾಡುಗಳಲ್ಲಿ ಏನಿದೆ ಎಂದು ಯೋಚಿಸಿರಲಿಲ್ಲ.

ಭದ್ರಾಚಲ ರಾಮದಾಸರ ಮೂಲ ಹೆಸರು ಕಂಚರ್ಲ ಗೋಪಣ್ಣ. ಹದಿನೇಳನೇ ಶತಮಾನದವರು. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾಷಾನ ಕಾಲದಲ್ಲಿ ಭದ್ರಾಚಲದ ಸೀಮೆಗೆ ತಹಶೀಲ್ದಾರರು. ಸರ್ಕಾರಕ್ಕೆ ಸೇರಬೇಕಿದ್ದ ಕಂದಾಯದ ಹಣದಿಂದ ರಾಮನ ಗುಡಿ ಕಟ್ಟಿಸಿದರು, ಒಡವೆ ಮಾಡಿಸಿದರು. ಲೆಕ್ಕ ಕೇಳಿದಾಗ ಕೊಡಲು ಹಣವಿರಲಿಲ್ಲ. ಪರಂಪರೆ ಹೇಳುವಂತೆ ಹನ್ನೆರಡು ವರ್ಷ ಈ ಕೋಟೆಯಲ್ಲಿ ಸೆರೆ, ಜೊತೆಗೆ ಹೊಡೆತ. ಕೊನೆಗೆ ರಾಮಲಕ್ಷ್ಮಣರು ಇಬ್ಬರು ಸೇವಕರ ವೇಷದಲ್ಲಿ ರಾತ್ರಿ ಸುಲ್ತಾನನ ಬಳಿ ಬಂದು ಬಾಕಿ ತೀರಿಸಿದರು ಎಂಬ ಕಥೆಯೂ ಇದೆ. ಸಿನಿಮಾಗಳು ಈ ಕೊನೆಯ ದೃಶ್ಯಕ್ಕಾಗಿಯೇ ಓಡುತ್ತವೆ. ನನಗೆ ಬೇಕಾದದ್ದು ಆ ದೃಶ್ಯ ಅಲ್ಲ. ಆ ರಾತ್ರಿ ಬರುವ ಮುಂಚಿನ ವರ್ಷಗಳಲ್ಲಿ, ಯಾರೂ ಬಾರದೇ ಇದ್ದಾಗ, ಆ ಮನುಷ್ಯ ಏನೆಂದು ಪ್ರಾರ್ಥಿಸಿದ?

ಮೇಷ್ಟ್ರು ಒಂದು ಕೀರ್ತನೆಯನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರು. ಅದು ಆರಂಭವಾಗುವುದು ರಾಮನನ್ನು ಅವನ ವಂಶದ ಹೆಸರು ಹಿಡಿದು ಕರೆಯುವುದರಿಂದ. ಆಮೇಲೆ ಬರುವುದು ಅಕ್ಷರಶಃ ಖರ್ಚಿನ ಪಟ್ಟಿ. ಸೀತೆಗೆ ಪದಕ, ಭರತನಿಗೆ ಪಚ್ಚೆಯ ಪದಕ, ಶತ್ರುಘ್ನನಿಗೆ ಚಿನ್ನದ ಉಡಿದಾರ, ಲಕ್ಷ್ಮಣನಿಗೆ ಇನ್ನೊಂದು ಪದಕ. ಪದಕಕ್ಕೆ ಹತ್ತು ಸಾವಿರ ವರಹ ಬಿದ್ದಿತು ಎಂದು ಬೆಲೆ ಸಮೇತ ಹೇಳುತ್ತಾರೆ. ನಂತರ ರಾಮನ ತಲೆಯ ಆಭರಣಕ್ಕೆ ಬಂದು, ಇಷ್ಟು ಠೀವಿಯಿಂದ ತಿರುಗಾಡುತ್ತೀಯಲ್ಲ, ಇದು ಯಾರಪ್ಪನ ದುಡ್ಡು ಎಂದು ನೇರ ಕೇಳುತ್ತಾರೆ. ನಿನ್ನಪ್ಪ ದಶರಥನದೋ, ಮಾವ ಜನಕನದೋ ಎಂದು ವಿಚಾರಣೆ ಮಾಡುತ್ತಾರೆ. ಹೀಗೆ ಬೈದ ಮೇಲೆ, ಬೈದೆನೆಂದು ಬೇಜಾರು ಮಾಡಿಕೊಳ್ಳಬೇಡ, ಹೊಡೆತ ತಾಳಲಾರದೆ ಬೈದೆ ಎಂಬ ಮಾತು ಬರುತ್ತದೆ. ಕೊನೆಯಲ್ಲಿ ನನ್ನನ್ನು ನೋಡಿಕೋ ಎಂಬ ಬೇಡಿಕೆ.

ಈ ಹಾಡನ್ನು ಇಂದಿಗೂ ದೇವಸ್ಥಾನಗಳಲ್ಲಿ, ಭಜನೆಗಳಲ್ಲಿ ಹಾಡುತ್ತಾರೆ. ಯಾರೂ ಅದನ್ನು ಪಾಪ ಅನ್ನುವುದಿಲ್ಲ. ನಮ್ಮಲ್ಲೂ ಪುರಂದರದಾಸರ, ಕನಕದಾಸರ ನಿಂದಾಸ್ತುತಿಗಳಿವೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಬೆಣ್ಣೆ ಕದ್ದವನು, ಸೆರೆಮನೆಯಲ್ಲಿ ಹುಟ್ಟಿದವನು ಎಂಬಂಥ ನಿಂದೆಗಳು ಹೆಚ್ಚಾಗಿ ಒಳಗೊಳಗೆ ಹೊಗಳಿಕೆಯೇ. ಅದು ಮುದ್ದಿನ ಬೈಗುಳ. ನಿಜವಾಗಿ ಹೊಟ್ಟೆ ಉರಿಯುತ್ತಿರುವಾಗ ಅದನ್ನು ಹಾಡಿದರೆ ನಾಟಕವಾಗುತ್ತದೆ. ರಾಮದಾಸರದು ಹಾಗಲ್ಲ. ಅಲ್ಲಿ ನಿಜವಾದ ಬಾಕಿ ಇದೆ, ಬೆನ್ನ ಮೇಲೆ ನಿಜವಾದ ಬಾಸುಂಡೆ ಇದೆ. ಅಮ್ಮ ಗೂಡಿನ ಮುಂದೆ ಹೇಳಿದ್ದೂ ಇದೇ ಜಾತಿಯದು.

ಅವನು, ನೀನು

ಆ ಹಾಡಿನ ಕಟ್ಟಡವನ್ನು ಬಿಡಿಸಿ ನೋಡಿದಾಗ ನಾನು ಎಲ್ಲಿ ಸಿಕ್ಕಿಕೊಂಡಿದ್ದೆ ಎಂಬುದು ಗೊತ್ತಾಯಿತು. ನನ್ನ ಸಿಟ್ಟೆಲ್ಲ ಪ್ರಥಮ ಪುರುಷದಲ್ಲಿತ್ತು. 'ದೇವರು ಹೀಗೆ ಮಾಡಿಬಿಟ್ಟ', 'ಅವನು ಇದ್ದಿದ್ದರೆ ಹೀಗಾಗುತ್ತಿತ್ತಾ' ಎಂದು ರಾತ್ರಿ ಹಾಸಿಗೆಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಪ್ರಾರ್ಥನೆ ಅಲ್ಲ, ಚಾಡಿ. ಅವೇ ಮಾತುಗಳನ್ನು 'ನೀನು ಹೀಗೆ ಮಾಡಿದೆ' ಎಂದು ತಿರುಗಿಸಿದರೆ ಸಿಟ್ಟು ಕಡಿಮೆಯಾಗುವುದಿಲ್ಲ, ಆದರೆ ಅದಕ್ಕೆ ಒಂದು ವಿಳಾಸ ಸಿಗುತ್ತದೆ. ನಮ್ಮ ಭಾಷೆ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಮಾವನಿಗೆ, ಮ್ಯಾನೇಜರಿಗೆ 'ನೀವು' ಅನ್ನುವ ನಾವು ದೇವರಿಗೆ ಮಾತ್ರ ಮೊದಲಿನಿಂದಲೂ 'ನೀನು' ಅನ್ನುತ್ತೇವೆ. ಜಗಳವಾಡಲು ಬೇಕಾದ ಸಲಿಗೆ ಆ ಒಂದು ಪದದಲ್ಲೇ ಇದೆ.

ಮೊದಲ ದಿನ ನನಗೆ ಬಾಯಿ ಬರಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಗೂಡಿನ ಮುಂದೆ ಕುಳಿತೆ. ಜೋರಾಗಿ ಹೇಳಲು ನಾಚಿಕೆ. ಒಂದು ನೋಟ್‌ಬುಕ್ ತೆಗೆದು ಬರೆದೆ. 'ವೆಂಕಟೇಶಾ' ಎಂದು ಮೇಲೆ ಹೆಸರು. ಕೆಳಗೆ ರಾಮದಾಸರ ಹಾಗೆ ಪಟ್ಟಿ. ನನ್ನ ಜೀವನ ಯಾಕೆ ಹೀಗೆ, ಒಳ್ಳೆಯವರಿಗೆ ಯಾಕೆ ಕಷ್ಟ ಎಂಬಂಥ ದೊಡ್ಡ ಪ್ರಶ್ನೆಗಳನ್ನು ಬೇಕೆಂದೇ ಬಿಟ್ಟೆ. ಆಗಿದ್ದನ್ನು ಮಾತ್ರ ಬರೆದೆ:

ಒಂದು, ಅಪ್ಪ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದು ನಿವೃತ್ತರಾಗಿ ಎಂಟೇ ತಿಂಗಳಾಗಿತ್ತು.

ಎರಡು, ಸಕ್ಕರೆ ಕಾಯಿಲೆಯ ಎಷ್ಟೋ ಜನ ಕಾಲಿನ ಗಾಯ ವಾಸಿಯಾಗಿ ಓಡಾಡುತ್ತಾರೆ. ಅಪ್ಪನ ಗಾಯ ಮಾತ್ರ ರಕ್ತಕ್ಕೆ ಏರಿತು.

ಮೂರು, ಮುಡುಪು ಕಟ್ಟಿದ ಮರುದಿನವೇ ಡಯಾಲಿಸಿಸ್ ಶುರುವಾಯಿತು.

ನಾಲ್ಕು, ಹನ್ನೊಂದನೇ ದಿನ ಕಣ್ಣು ತೆರೆದು ಅಮ್ಮನನ್ನು ಗುರುತಿಸಿದರು. ಉಳಿಸುವುದಿಲ್ಲ ಎಂದಿದ್ದರೆ ಆ ಆಸೆ ಯಾಕೆ ತೋರಿಸಿದೆ?

ಐದು, ಕೊನೆಗೆ ಅವರು ನೀರು ಕೇಳಿದರು, ಕೊಡುವ ಹಾಗಿರಲಿಲ್ಲ.

ಆರನೆಯದನ್ನು ಬರೆಯುವಾಗ ಕೈ ನಿಂತಿತು. ಅದು ಹೀಗಿತ್ತು: ಕಾಲಿಗೆ ಗಾಯ ಆಗಿದೆ ಎಂದು ಅಪ್ಪ ಫೋನಿನಲ್ಲಿ ಹೇಳಿದ ದಿನ, 'ಈ ರಿಲೀಸ್ ಮುಗೀಲಿ ಅಪ್ಪಾ, ತಿಂಗಳ ಕೊನೆಗೆ ಬಂದು ಕರ್ಕೊಂಡು ಬರ್ತೀನಿ' ಅಂದೆ. ರಿಲೀಸ್ ಮುಂದಕ್ಕೆ ಹೋಯಿತು. ನಾನೂ ಮೂರು ವಾರ ಮುಂದಕ್ಕೆ ಹಾಕಿದೆ.

ಇದು ವೆಂಕಟೇಶನ ಖಾತೆಯದಲ್ಲ. ಆರು ತಿಂಗಳು ನಾನು ದೇವರ ಮೇಲೆ ಹೊರಿಸಿದ್ದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದಾಗಿತ್ತು. ಅದು ಗೊತ್ತಾದ ಮಾತ್ರಕ್ಕೆ ಮೊದಲ ಐದು ಸುಳ್ಳಾಗಲಿಲ್ಲ. ಅವು ಹಾಗೆಯೇ ಇವೆ. ಆದರೆ ಎರಡು ಲೆಕ್ಕ ಬೇರೆ ಬೇರೆಯಾದವು. ಒಂದಕ್ಕೆ ಉತ್ತರ ಕೇಳಬೇಕು, ಇನ್ನೊಂದಕ್ಕೆ ಕ್ಷಮೆ ಕೇಳಬೇಕು. ಮೊತ್ತವಾಗಿ 'ಸಿಟ್ಟು' ಎಂದಿಟ್ಟುಕೊಂಡರೆ ಇದು ಬೇರ್ಪಡುವುದಿಲ್ಲ. ಪದಕ ಯಾರಿಗೆ, ಬೆಲೆ ಎಷ್ಟು ಎಂಬ ಮಟ್ಟಕ್ಕೆ ಇಳಿದಾಗಲೇ ಬೇರ್ಪಡುತ್ತದೆ. ರಾಮದಾಸರು ಬೆಲೆ ಹೇಳಿದ್ದು ಬರೀ ಚಮತ್ಕಾರಕ್ಕಲ್ಲ ಎಂದು ಅವತ್ತು ಅನಿಸಿತು.

ಹೊಡೆತದಿಂದ ಬೈದೆ ಎಂಬ ಅವರ ಮಾತಿನಲ್ಲೂ ಒಂದು ಸೂಕ್ಷ್ಮವಿದೆ. ಬೈದದ್ದಕ್ಕೆ ಕಾರಣ ಕೊಡುತ್ತಾರೆ, ನೊಂದುಕೊಳ್ಳಬೇಡ ಅನ್ನುತ್ತಾರೆ. ಆದರೆ ಪಟ್ಟಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಪದಕದ ಬೆಲೆ ಹತ್ತು ಸಾವಿರವೇ. ನಾವು ಸಾಮಾನ್ಯವಾಗಿ ಇಲ್ಲಿ ಎಡವುತ್ತೇವೆ. ಒಂದು ಮಾತು ಬಾಯಿಂದ ಬಂದ ತಕ್ಷಣ ಹೆದರಿ, 'ತಪ್ಪಾಯ್ತು ಸ್ವಾಮಿ, ನಿನ್ನ ಇಚ್ಛೆ, ಎಲ್ಲಾ ಒಳ್ಳೆಯದಕ್ಕೆ' ಎಂದು ಮುಚ್ಚಿಬಿಡುತ್ತೇವೆ. ದನಿ ಏರಿದ್ದಕ್ಕೆ ಕ್ಷಮೆ ಕೇಳುವುದು ಬೇರೆ, ದೂರನ್ನೇ ಹಿಂದಕ್ಕೆ ಪಡೆಯುವುದು ಬೇರೆ. ಎರಡನೆಯದು ಮನಸ್ಸಿಗೆ ಬಾರದೆ ಬಾಯಿಗೆ ಮಾತ್ರ ಬಂದರೆ ಅದು ಸುಳ್ಳು ಪ್ರಾರ್ಥನೆ. ನಾನು ನೋಟ್‌ಬುಕ್ಕಿನ ಕೊನೆಯಲ್ಲಿ ಸಮಾಧಾನದ ಸಾಲು ಬರೆಯಲಿಲ್ಲ. 'ಅಮ್ಮನಿಗೆ ರಾತ್ರಿ ನಿದ್ದೆ ಬರಲಿ' ಎಂದು ಒಂದೇ ಬೇಡಿಕೆ ಬರೆದೆ. ಅದು ಮಾತ್ರ ಅವತ್ತು ಮನಸಾರೆ ಬೇಕಾಗಿತ್ತು.

ಉತ್ತರ ಬಾರದಾಗ

ಸಿಟ್ಟಿಗಾದರೂ ಎದುರಿಗೆ ಒಬ್ಬರಿರುತ್ತಾರೆ. ಅನುಮಾನದ ದಿನಗಳು ಇನ್ನೂ ಕಷ್ಟ. 'ನೀನು' ಎಂದು ಬರೆದ ಕೂಡಲೇ, ಯಾರಿಗೆ ಬರೆಯುತ್ತಿದ್ದೇನೆ, ಗೋಡೆಗಾ ಎಂದು ನಗು ಬರುತ್ತದೆ. ಇದಕ್ಕೂ ರಾಮದಾಸರ ಒಂದು ಹಾಡಿದೆ. 'ಶಂಕರಾಭರಣಂ' ಸಿನಿಮಾದಲ್ಲಿ ವಾಣಿ ಜಯರಾಂ ಹಾಡಿದ್ದರಿಂದ ತೆಲುಗು ಬಾರದ ಕನ್ನಡಿಗರಿಗೂ ಅದು ಪರಿಚಿತ. ಅದರ ವಿಷಯವೇ ರಾಮನ ಮೌನ. ಇಷ್ಟು ಕರೆದರೂ ಮಾತಾಡುವುದಿಲ್ಲವಲ್ಲ, ನಿನ್ನ ಮಾತು ಅಷ್ಟು ದುಬಾರಿಯಾಯಿತೇ ಎಂಬ ಧಾಟಿ. ಗಮನಿಸಬೇಕಾದ್ದೇನೆಂದರೆ, ಉತ್ತರವಿಲ್ಲ ಎಂಬುದನ್ನೂ ಅವರು ಉತ್ತರ ಕೊಡದವನಿಗೇ ಹೇಳುತ್ತಾರೆ. ಅನುಮಾನವನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುವುದಿಲ್ಲ.

ನಾನು ಮಾಡಿದ್ದು ಸರಳ. ಮನಸ್ಸು ಒಪ್ಪದ ಮಾತುಗಳನ್ನು ಬಿಟ್ಟೆ. ಭಕ್ತವತ್ಸಲ, ಆಪದ್ಬಾಂಧವ ಎಂಬ ವಿಶೇಷಣಗಳು ಹೋದವು. 'ನೀನಿದ್ದರೆ ಕೇಳು' ಎಂದು ಶುರುಮಾಡಿದೆ. ಉಳಿದದ್ದರಲ್ಲಿ ನಿಜವಾದದ್ದು ಏನಿದೆ ಎಂದು ಹುಡುಕಿದಾಗ ಸಂಕಲ್ಪ ಸಿಕ್ಕಿತು. ಪೂಜೆಗೆ ಮೊದಲು ದೇಶ, ಕಾಲ ಹೇಳುತ್ತೇವಲ್ಲ: ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ನದಿಯ ಯಾವ ದಡ. ಅಪ್ಪ ಹೇಳಿಕೊಟ್ಟ ಪಾಠದಲ್ಲಿ ಗೋದಾವರಿಯ ದಕ್ಷಿಣ ತೀರ ಎಂದಿದೆ. ರಾಯಚೂರಿಗೂ ಅದೇ, ಹೈದರಾಬಾದಿಗೂ ಅದೇ. ಕೃಷ್ಣೆ ದಾಟಿ ಬಂದರೂ ಆ ಸಾಲು ಬದಲಿಸಬೇಕಾಗಿಲ್ಲ. ದೇವರಿದ್ದಾನೋ ಇಲ್ಲವೋ, ನಾನು ಇವತ್ತು ಇಲ್ಲಿದ್ದೇನೆ ಎಂಬುದರಲ್ಲಿ ಸುಳ್ಳಿಲ್ಲ. ಕೆಲವು ದಿನ ಅಷ್ಟೇ ಹೇಳಿ ದೀಪ ಹಚ್ಚಿ ಎದ್ದಿದ್ದೇನೆ. ನನ್ನ ಮಟ್ಟಿಗೆ ಅದು ಪೂರ್ತಿ ಪ್ರಾರ್ಥನೆಯೇ.

ಇನ್ನೊಂದು ದಾರಿಯನ್ನು ಅಮ್ಮ ತೋರಿಸಿದಳು. ಪುರಂದರದಾಸರ ಒಂದು ಕೀರ್ತನೆ ನಮಗೆಲ್ಲ ಬಾಯಿಪಾಠ, ಗಜೇಂದ್ರ, ದ್ರೌಪದಿ, ಅಜಾಮಿಳರ ಉದಾಹರಣೆ ಕೊಟ್ಟು, ನಿನ್ನ ಹೆಸರೊಂದಿದ್ದರೆ ಆಯಿತು, ನಿನ್ನ ಮುಲಾಜು ಬೇಡ ಎಂದು ದೇವರಿಗೇ ಹೇಳುವಂಥದ್ದು. ಚಿಕ್ಕಂದಿನಲ್ಲಿ ಅದನ್ನು ತಮಾಷೆಯ ಹಾಡು ಅಂದುಕೊಂಡಿದ್ದೆ. ಈಗ ಕೇಳಿದರೆ, ಅವನು ಕಾಣದ ದಿನ ಏನು ಮಾಡಬೇಕೆಂಬ ಉಪಾಯ ಅದರಲ್ಲಿದೆ. ಹೆಸರು ಹೇಳಲು ಅವನ ಒಪ್ಪಿಗೆ ಬೇಕಿಲ್ಲ, ನಮ್ಮ ಪೂರ್ತಿ ನಂಬಿಕೆಯೂ ಬೇಕಿಲ್ಲ. 'ಹೆಸರ ಹೇಳ್ಕೋತ ಕೂಡು. ಅಂವ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ' ಎಂದಳು ಅಮ್ಮ.

ಎಲ್ಲಿ ದಾರಿ ತಪ್ಪುತ್ತದೆ

ಇದರಲ್ಲಿ ಎರಡು ಅಪಾಯಗಳನ್ನು ನಾನೇ ಕಂಡಿದ್ದೇನೆ. ಒಂದು, ಜಗಳ ಅಭ್ಯಾಸವಾಗಿಬಿಡುವುದು. ಮೂರನೇ ತಿಂಗಳ ಹೊತ್ತಿಗೆ ನೋಟ್‌ಬುಕ್ ತಿರುವಿದಾಗ ಹನ್ನೆರಡು ದಿನ ಅವೇ ವಾಕ್ಯಗಳನ್ನು ಬರೆದದ್ದು ಕಂಡಿತು. ಪ್ರಾರ್ಥನೆ ನಡೆಯುತ್ತಿದ್ದರೆ ದೂರು ಬದಲಾಗುತ್ತದೆ: ಹೊಸ ನೆನಪು ಬರುತ್ತದೆ, ಒಂದು ಬಾಬು ಹೊಡೆದುಹೋಗುತ್ತದೆ, ಬೇಡಿಕೆ ಬೇರೆಯಾಗುತ್ತದೆ. ಅದೇ ವಾಕ್ಯ ಅದೇ ಬಿಸಿಯಲ್ಲಿ ಸುತ್ತುತ್ತಿದ್ದರೆ ನಾವು ಮಾತಾಡುತ್ತಿಲ್ಲ, ಗಾಯ ಕೆರೆಯುತ್ತಿದ್ದೇವೆ. ಆಗ ನಾನು ಬರೆಯುವುದನ್ನು ನಿಲ್ಲಿಸಿ ಹೆಸರಿಗೆ, ದೀಪಕ್ಕೆ ಮರಳಿದೆ. ಆರನೆಯ ಬಾಬನ್ನು ಅಮ್ಮನಿಗೆ ಬಾಯಿಬಿಟ್ಟು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, 'ಅವರೂ ಹೇಳಿದ್ರಪಾ, ಹುಡುಗಗ ತೊಂದ್ರಿ ಕೊಡೋದು ಬ್ಯಾಡ ಅಂತ' ಎಂದಳು. ಇಂಥ ಉತ್ತರ ನೋಟ್‌ಬುಕ್ಕಿನಲ್ಲಿ ಸಿಗುವುದಿಲ್ಲ, ಮನುಷ್ಯರೇ ಕೊಡಬೇಕು.

ಎರಡನೆಯದು, ದುಃಖ ದೇಹಕ್ಕೆ ಇಳಿಯುವುದು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋದರೆ, ಬದುಕಿರುವುದೇ ಬೇಡ ಅನಿಸಿದರೆ, ಅದಕ್ಕೆ ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಹೊರ ರಾಜ್ಯದಲ್ಲಿರುವ ನಮಗೆ ಮನಸ್ಸಿನ ಮಾತನ್ನು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಹೇಳಲು ತೊಡಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡವನ್ನು ಆಯ್ದುಕೊಳ್ಳಬಹುದು.

ನನಗೆ ಯಾವ ದನಿಯೂ ಕೇಳಿಸಿಲ್ಲ. ಐದು ಬಾಬುಗಳಿಗೆ ಉತ್ತರ ಬಂದಿಲ್ಲ. ಗೂಡಿನ ಮುಂದೆ ಕಣ್ಣು ತಪ್ಪಿಸಿಕೊಂಡು ಹೋಗುವುದು ಮಾತ್ರ ನಿಂತಿದೆ.

ವರ್ಷಾಬ್ದಿಕ ಮುಗಿದ ಮೇಲೆ ಅಮ್ಮನೇ ತಿರುಪತಿಗೆ ಹೋಗೋಣ ಎಂದಳು. ಮುಡುಪಿನ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. 'ಅಪ್ಪ ಉಳೀಲಿಲ್ಲ, ಮತ್ಯಾಕ ಕೊಡ್ತೀ?' ಎಂದು ಬಸ್ಸಿನಲ್ಲಿ ಕೇಳಿದೆ.

'ಅವನ ರೊಕ್ಕ ನನ್ನ ಹತ್ರ ಇಟ್ಕೊಂಡು ಅವನ ಜೋಡಿ ಜಗಳ ಹ್ಯಾಂಗ ಆಡ್ಲಿ? ಅವನದು ಅವನಿಗೆ ಕೊಟ್ಟುಬಿಟ್ರ ಬಾಕಿ ಏನಿದ್ರೂ ಅವನದ.'

ಹುಂಡಿಯ ಮುಂದೆ ಗಂಟನ್ನು ಕಣ್ಣಿಗೊತ್ತಿಕೊಂಡು ಹಾಕಿದಳು. ಹೊರಗೆ ಬಂದಾಗ ಕಲ್ಯಾಣಕಟ್ಟೆಯ ಬೋರ್ಡ್ ಕಂಡಿತು. ಅಪ್ಪನ ಬದಲು ನಾನು ಮುಡಿ ಕೊಡಲಾ ಎಂದು ಕೇಳಿದೆ. ಅಮ್ಮ ನನ್ನ ತಲೆ ಸವರಿ, 'ಬ್ಯಾಡ. ಅದು ಅಂವ ಕೆಲಸಾ ಮಾಡಿಕೊಟ್ಟಿದ್ರ ಕೊಡೋದಿತ್ತು' ಎಂದು ಲಡ್ಡು ಕೌಂಟರ್ ಕಡೆ ನಡೆದಳು.